ಕೂರಿಗೆ ಸಾಲಿನಲ್ಲಿ ಗಿಡ್ಡ ಭತ್ತ

ಹಸಿರು ಕ್ರಾಂತಿಯ ಕಥೆಯನ್ನು ನಮ್ಮಲ್ಲಿ ಹೇಳುವ ರೀತಿ ಹೆಚ್ಚೂಕಡಿಮೆ ಒಂದೇ. ಮೆಕ್ಸಿಕೋದಿಂದ ಗಿಡ್ಡ ಗೋಧಿ ಬಂತು, ಫಿಲಿಪ್ಪೀನ್ಸ್‌ನಿಂದ ಗಿಡ್ಡ ಭತ್ತ ಬಂತು, ಇಳುವರಿ ಎರಡು ಪಟ್ಟಾಯಿತು, ಹಡಗಿನ ಧಾನ್ಯಕ್ಕೆ ಕಾಯುವ ಕಾಲ ಮುಗಿಯಿತು. ಈ ಕಥೆಗೆ ಒಂದು ಬಾಲವೂ ಇದೆ. ಕೆಲವು ಸೀಮೆಗಳಲ್ಲಿ ಮಾತ್ರ ರೈತರು ಹಳೆಯ ಎತ್ತರದ ತಳಿಗಳನ್ನು ಬಿಡಲೊಲ್ಲದೆ ಹಿಂದೆ ಉಳಿದರು ಎಂಬ ಮಾತು ಅದು. ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕು, ಅದಕ್ಕೆ ತಾಗಿದ ಶಿಗ್ಗಾವಿಯ ಪಶ್ಚಿಮದ ಹಳ್ಳಿಗಳು ಅಂಥ ಸೀಮೆಗಳ ಪಟ್ಟಿಯಲ್ಲಿ ಸೇರುತ್ತವೆ. ಈ ಬಾಲ ತಪ್ಪು ಎಂಬುದು ನನ್ನ ವಾದ. ಗಿಡ್ಡತನ ಎಂಬುದು ಇಳುವರಿಯ ಗುಣವಲ್ಲ. ನೀರು ನಿಲ್ಲಿಸಿ, ಸಸಿ ನಾಟಿ ಮಾಡಿ, ಸಾರಜನಕ ಸುರಿಯುವ ಒಂದು ಬೇಸಾಯ ಕ್ರಮಕ್ಕೆ ಹೊಂದಿಕೊಂಡ ಗುಣ ಅದು. ಗಿಡದೊಳಗಿನ ಗಿಬ್ಬರೆಲಿನ್ ಎಂಬ ಒಂದೇ ಹಾರ್ಮೋನಿನ ಕೆಲಸವನ್ನು ಕುಗ್ಗಿಸಿ ಆ ಗುಣವನ್ನು ಪಡೆಯಲಾಯಿತು. ಹಾನಗಲ್ಲಿನ ಕೂರಿಗೆ ಭತ್ತಕ್ಕೆ ಅದೇ ಹಾರ್ಮೋನು ಬೇರೆ ಕೆಲಸಕ್ಕೆ ಬೇಕಿತ್ತು. ಆದ್ದರಿಂದ ಅಲ್ಲಿ ಅಡ್ಡ ಬಂದದ್ದು ರೈತನ ಹಟ ಎನ್ನುವುದಕ್ಕಿಂತ ಗಿಡದ ಶರೀರಧರ್ಮ ಎನ್ನುವುದು ಸರಿ.

ಕೂರಿಗೆ ಭತ್ತ ಎಂದರೆ ಏನು ಎಂಬುದನ್ನು ಕಾವೇರಿ, ತುಂಗಭದ್ರೆಗಳ ಬಯಲಿನ ಓದುಗರಿಗೆ ಬಿಡಿಸಿ ಹೇಳಬೇಕು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ಅರೆಮಲೆನಾಡಿನಲ್ಲಿ ಭತ್ತಕ್ಕೆ ಸಸಿಮಡಿಯೂ ಇಲ್ಲ, ನಾಟಿಯೂ ಇಲ್ಲ. ಮೇ ಕೊನೆಗೆ, ರೋಹಿಣಿ ಮಳೆಯ ಹೊತ್ತಿಗೆ, ಹರಗಿ ಹದ ಮಾಡಿದ ಒಣ ಅಥವಾ ತುಸು ಹಸಿ ನೆಲದಲ್ಲಿ ಜೋಳ ಬಿತ್ತಿದ ಹಾಗೆ ಕೂರಿಗೆಯಿಂದ ಭತ್ತ ಬಿತ್ತುತ್ತಾರೆ. ಮುಂದಿನ ಕೆಲವು ವಾರ ಅದು ಖುಷ್ಕಿ ಬೆಳೆ. ಸಾಲಿನ ನಡುವೆ ಎಡೆಕುಂಟೆ ಓಡುತ್ತದೆ, ಸಾಲಿನೊಳಗಿನ ಕಳೆಯನ್ನು ಕೈಯಿಂದ ಕೀಳಬೇಕು. ಜುಲೈ, ಆಗಸ್ಟ್‌ನ ಜಡಿಮಳೆಗೆ ಬದುವಿನೊಳಗೆ ನೀರು ನಿಂತ ಮೇಲೆ ಅದೇ ಹೊಲ ಗದ್ದೆಯಾಗುತ್ತದೆ. ಹೀಗೆ ಒಂದೇ ಬೆಳೆ ಅರ್ಧ ಆಯುಷ್ಯ ಒಣನೆಲದಲ್ಲೂ ಅರ್ಧ ಆಯುಷ್ಯ ನೀರಿನಲ್ಲೂ ಕಳೆಯುತ್ತದೆ. ಧಾರವಾಡದ ಹತ್ತಿರದ ಮುಗದದಲ್ಲಿ ಈ ಬಗೆಯ ಭತ್ತಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ಅಭಿಲಾಷ, ಮುಗದ ಸುಗಂಧ ಮುಂತಾದ ತಳಿಗಳು ಅಲ್ಲಿಂದಲೇ ಬಂದವು. ನಾಟಿ ಭತ್ತಕ್ಕೆಂದು ತಯಾರಾದ ತಳಿಗಳನ್ನೇ ಇಲ್ಲಿಗೂ ತಂದು ಬಿತ್ತಿದರೆ ಸಾಕಾಗಿದ್ದರೆ ಅಂಥ ಪ್ರತ್ಯೇಕ ಕೇಂದ್ರದ ಕೆಲಸವೇ ಇರುತ್ತಿರಲಿಲ್ಲ. ಇತ್ತ ಪೂರ್ವಕ್ಕೆ, ಸವಣೂರಿನ ಎರೆನೆಲ ಮತ್ತು ದಕ್ಷಿಣದ ಹಿರೇಕೆರೂರಿನಲ್ಲಿ ಜೋಳ, ಹತ್ತಿ, ಈಗ ಹೆಚ್ಚಾಗಿ ಗೋವಿನಜೋಳ. ಅವುಗಳ ಮಾತು ಮುಂದೆ ಬರುತ್ತದೆ.

ಹಾರ್ಮೋನಿನ ಕಥೆ ಶುರುವಾಗುವುದು ಗಿಡ್ಡ ಗಿಡದಿಂದಲ್ಲ, ಮಿತಿಮೀರಿ ಉದ್ದವಾದ ಗಿಡದಿಂದ. ಜಪಾನಿನ ಭತ್ತದ ಸಸಿಮಡಿಗಳಲ್ಲಿ ಕೆಲವು ಸಸಿಗಳು ಬಿಳಿಚಿಕೊಂಡು, ತೆಳ್ಳಗೆ, ಪಕ್ಕದವುಗಳಿಗಿಂತ ಎಷ್ಟೋ ಎತ್ತರಕ್ಕೆ ಏರಿ, ಕಾಳು ಕಟ್ಟದೆ ಸಾಯುತ್ತಿದ್ದವು. ಇದು ಒಂದು ಶಿಲೀಂಧ್ರ ತರುವ ರೋಗ. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ ಆ ಶಿಲೀಂಧ್ರವನ್ನು ಬೆಳೆಸಿದ ದ್ರವವನ್ನು ಸೋಸಿ, ಶಿಲೀಂಧ್ರವೇ ಇಲ್ಲದ ಆ ನೀರನ್ನು ಆರೋಗ್ಯದ ಸಸಿಗಳಿಗೆ ಕೊಟ್ಟ. ಅವೂ ಹಾಗೆಯೇ ಉದ್ದವಾದವು. ಎಂದರೆ ಉದ್ದವಾಗಿಸುವುದು ಶಿಲೀಂಧ್ರವಲ್ಲ, ಅದು ಹೊರಬಿಡುವ ಒಂದು ವಸ್ತು. ತೇಜಿರೊ ಯಾಬುಟಾ 1935ರಲ್ಲಿ ಅದಕ್ಕೆ ಗಿಬ್ಬರೆಲಿನ್ ಎಂದು ಹೆಸರಿಟ್ಟ. 1938ರಲ್ಲಿ ಆತ ಮತ್ತು ಸುಮಿಕಿ ಅದನ್ನು ಹರಳಿನ ರೂಪದಲ್ಲಿ ಪಡೆದರು. ಎಲ್ಲ ಗಿಡಗಳೂ ಇದನ್ನು ತಾವೇ ತಯಾರಿಸಿಕೊಳ್ಳುತ್ತವೆ ಎಂಬುದು ಆಮೇಲೆ ತಿಳಿದ ಸಂಗತಿ.

ಗಿಬ್ಬರೆಲಿನ್ ಕೆಲಸ ಮಾಡುವ ಬಗೆಯನ್ನು ಹಾನಗಲ್ಲಿನ ಕೆರೆಗಳನ್ನು ಕಂಡವರು ಸುಲಭವಾಗಿ ಹಿಡಿಯಬಲ್ಲರು. ಜೀವಕೋಶದೊಳಗೆ ಡೆಲ್ಲಾ ಎಂಬ ಹೆಸರಿನ ಪ್ರೋಟೀನುಗಳಿವೆ. ಅವು ಕೆರೆಯ ತೂಬಿಗೆ ಬಡಿದ ಬೆಣೆಯ ಹಾಗೆ ಬೆಳವಣಿಗೆಯನ್ನು ತಡೆದು ನಿಂತಿರುತ್ತವೆ. ಗಿಬ್ಬರೆಲಿನ್ ಬಂದಾಗ ಕೋಶದಲ್ಲಿರುವ ಒಂದು ಗ್ರಾಹಕ ಅದನ್ನು ಹಿಡಿದುಕೊಂಡು ಡೆಲ್ಲಾಕ್ಕೆ ಅಂಟಿಕೊಳ್ಳುತ್ತದೆ, ಡೆಲ್ಲಾ ನಾಶವಾಗುತ್ತದೆ, ಕೋಶಗಳು ಉದ್ದವಾಗುತ್ತವೆ. ಈ ಗ್ರಾಹಕವನ್ನು 2005ರಲ್ಲಿ ಮೊದಲು ಗುರುತಿಸಿದ್ದು ಭತ್ತದಲ್ಲೇ. ಆದ್ದರಿಂದ ಗಿಡವನ್ನು ಗಿಡ್ಡ ಮಾಡಲು ಎರಡು ದಾರಿ: ಗಿಬ್ಬರೆಲಿನ್ ಕಡಿಮೆ ತಯಾರಾಗುವಂತೆ ಮಾಡುವುದು, ಇಲ್ಲವೇ ಗಿಬ್ಬರೆಲಿನ್ ಬಂದರೂ ಜಗ್ಗದ ಡೆಲ್ಲಾವನ್ನು ಇಟ್ಟುಕೊಳ್ಳುವುದು. ಹಸಿರು ಕ್ರಾಂತಿಯ ಭತ್ತ ಮೊದಲ ದಾರಿ ಹಿಡಿಯಿತು, ಗೋಧಿ ಎರಡನೆಯದನ್ನು. ತಳಿ ತಯಾರಿಸಿದವರಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ಕಣ್ಣಿಗೆ ಗಿಡ್ಡ ಕಂಡದ್ದನ್ನು ಆರಿಸಿದರು. ಯಾವ ಜೀನಿನ ಕೆಲಸ ಎಂಬುದು ಗೋಧಿಯಲ್ಲಿ 1999ರಲ್ಲಿ, ಭತ್ತದಲ್ಲಿ 2002ರಲ್ಲಿ ತಿಳಿಯಿತು, ಎಂದರೆ ಬೀಜ ಹೊಲಕ್ಕೆ ಬಂದು ಮೂರು ದಶಕ ದಾಟಿದ ಮೇಲೆ.

ಭತ್ತದ ಗಿಡ್ಡತನದ ಮೂಲ ತೈವಾನಿನ ಡೀ-ಜಿಯೊ-ವೂ-ಜೆನ್ ಎಂಬ ತಳಿ. ಅದರಲ್ಲಿ ಗಿಬ್ಬರೆಲಿನ್ ತಯಾರಿಕೆಯ ಕೊನೆಯ ಹಂತಗಳಲ್ಲೊಂದನ್ನು ನಡೆಸುವ ಕಿಣ್ವದ ಜೀನಿನಿಂದ 383 ಅಕ್ಷರಗಳ ಒಂದು ತುಣುಕು ಕಳೆದುಹೋಗಿದೆ. ಈ ಕಿಣ್ವಕ್ಕೆ ಭತ್ತದಲ್ಲಿ ಒಂದಕ್ಕಿಂತ ಹೆಚ್ಚು ಜೀನುಗಳಿರುವುದು ರೈತನ ಭಾಗ್ಯ. ಕೆಟ್ಟ ಜೀನು ಮುಖ್ಯವಾಗಿ ಎಲೆ, ಕಾಂಡಗಳಲ್ಲಿ ಕೆಲಸ ಮಾಡುವಂಥದು. ಹೂವಿನಲ್ಲಿ ದುಡಿಯುವ ಅದರ ಜೊತೆಗಾರ ಸರಿಯಾಗೇ ಇರುವುದರಿಂದ ಕಾಂಡ ಗಿಡ್ಡವಾದರೂ ಕಾಳು ಕಟ್ಟುವುದಕ್ಕೆ ಅಡ್ಡಿಯಿಲ್ಲ. ಇದನ್ನು ಇಂಡೋನೇಷ್ಯಾ ಮೂಲದ ಎತ್ತರದ ಪೇಟಾ ತಳಿಯೊಂದಿಗೆ 1962ರಲ್ಲಿ ಸಂಕರಿಸಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್-8 ಬಿಡುಗಡೆ ಮಾಡಿತು. ಡೀ-ಜಿಯೊ-ವೂ-ಜೆನ್‌ನ ಇನ್ನೊಂದು ಸಂತಾನ ತೈಚುಂಗ್ ನೇಟಿವ್-1. ಅದನ್ನು ಒಡಿಶಾದ ಟಿ-141ರ ಜೊತೆ ಸಂಕರಿಸಿ ನಮ್ಮ ದೇಶದಲ್ಲೇ ತಯಾರಾದ ಜಯಾ 1968ರಲ್ಲಿ ಬಂತು. ಕರ್ನಾಟಕದ ನೀರಾವರಿ ಗದ್ದೆಗಳಲ್ಲಿ ಜಯಾ ಎಂಬ ಹೆಸರು ಎಷ್ಟು ಬೇಗ ಮನೆಮಾತಾಯಿತೆಂಬುದನ್ನು ಆ ಕಾಲದವರು ಬಲ್ಲರು.

ಈ ತಳಿಗಳು ಹೆಚ್ಚು ಕೊಟ್ಟದ್ದು ಹೇಗೆ ಎಂಬುದರಲ್ಲೇ ಇಡೀ ವಾದದ ತಿರುಳಿದೆ. ಎತ್ತರದ ಹಳೆಯ ತಳಿಗೆ ಯೂರಿಯಾ ಹಾಕಿದರೆ ಅದೂ ಬೆಳೆಯುತ್ತದೆ. ಆದರೆ ಮೇಲಕ್ಕೆ ಬೆಳೆಯುತ್ತದೆ. ಒಂದೂವರೆ ಮೀಟರ್ ಎತ್ತರದ ತೆಳು ಕಾಂಡದ ತುದಿಗೆ ತೆನೆ ತೂಗಿದಾಗ, ಹಿಂಗಾರಿಯ ಒಂದು ಗಾಳಿಮಳೆಗೆ ಬೆಳೆ ನೆಲಕ್ಕೆ ಮಲಗುತ್ತದೆ. ಮಲಗಿದ ಭತ್ತದಲ್ಲಿ ಎಲೆಯ ಮೇಲೆ ಎಲೆ ಬಿದ್ದು ಬೆಳಕು ಸಿಗದೆ ಕಾಳು ಜೊಳ್ಳಾಗುತ್ತದೆ, ನೀರು ತಾಗಿದ ತೆನೆ ಅಲ್ಲೇ ಮೊಳೆಯುತ್ತದೆ. ಹೀಗಾಗಿ ಗೊಬ್ಬರ ಹೆಚ್ಚಿಸಿದಷ್ಟೂ ಇಳುವರಿ ಇಳಿಯುವ ವಿಚಿತ್ರ ಸ್ಥಿತಿ. ಒಂದು ಮೀಟರ್‌ನೊಳಗೆ ನಿಲ್ಲುವ ಐಆರ್-8 ಈ ಗಂಟನ್ನು ಬಿಚ್ಚಿತು. ಕೊಟ್ಟ ಸಾರಜನಕವನ್ನೆಲ್ಲ ಕುಡಿದರೂ ಅದು ನಿಂತೇ ಇರುತ್ತದೆ. ಕಾಂಡಕ್ಕೆ ಹೋಗಬೇಕಿದ್ದ ಆಹಾರ ಕಾಳಿಗೆ ಹೋಗುತ್ತದೆ. ಎತ್ತರದ ತಳಿಗಳಲ್ಲಿ ನೆಲದ ಮೇಲಿನ ಒಣ ತೂಕದ ಸುಮಾರು ಶೇ 30ರಷ್ಟು ಕಾಳಾದರೆ ಗಿಡ್ಡ ತಳಿಗಳಲ್ಲಿ ಅದು ಶೇ 50ರ ಹತ್ತಿರ. ಒಂದು ಲೆಕ್ಕ ಹಾಕಿ ನೋಡೋಣ. ಎಕರೆಗೆ ಎರಡೂ ತಳಿಗಳು 40 ಕ್ವಿಂಟಲ್ ಒಣ ತೂಕ ಬೆಳೆದವು ಎಂದುಕೊಂಡರೆ, ಎತ್ತರದ್ದು 12 ಕ್ವಿಂಟಲ್ ಕಾಳು, 28 ಕ್ವಿಂಟಲ್ ಹುಲ್ಲು ಕೊಡುತ್ತದೆ. ಗಿಡ್ಡದ್ದು 20 ಕ್ವಿಂಟಲ್ ಕಾಳು, 20 ಕ್ವಿಂಟಲ್ ಹುಲ್ಲು. ಗಿಡ ಮಾಡಿದ ಒಟ್ಟು ದುಡಿಮೆ ಅಷ್ಟೇ, ಹಂಚಿಕೆ ಮಾತ್ರ ಬೇರೆ. ಕಾಳಿಗೆ ಸೇರಿದ 8 ಕ್ವಿಂಟಲ್ ಬಣವೆಯಿಂದ ಹೋಗಿರುತ್ತದೆ. ದಿನಕ್ಕೆ 7 ಕಿಲೋ ಹುಲ್ಲು ತಿನ್ನುವ ಒಂದು ಎತ್ತಿಗೆ ಅದು 114 ದಿನದ ಮೇವು. ಕೂರಿಗೆ ಎಳೆಯುವುದೂ ಎಡೆಕುಂಟೆ ಎಳೆಯುವುದೂ ಎತ್ತೇ ಆಗಿದ್ದ ಸೀಮೆಯಲ್ಲಿ ಈ ಲೆಕ್ಕವನ್ನು ರೈತ ಕಡೆಗಣಿಸಲು ಸಾಧ್ಯವೇ ಇರಲಿಲ್ಲ.

ಆದರೆ ಹುಲ್ಲಿನ ಮಾತು ಬೆಳೆ ಕೊಯ್ದ ಮೇಲಿನದು. ತೊಂದರೆ ಅದಕ್ಕೆ ಬಹಳ ಮೊದಲೇ, ಬೀಜ ಇನ್ನೂ ಮಣ್ಣಿನೊಳಗಿರುವಾಗಲೇ ಶುರುವಾಗುತ್ತದೆ. ಸಸಿಮಡಿಯಲ್ಲಿ ಬೀಜ ಕೆಸರಿನ ಮೇಲೆ ಬಿದ್ದಿರುತ್ತದೆ, ಅದಕ್ಕೆ ಮಣ್ಣು ಸೀಳಿಕೊಂಡು ಬರುವ ಕೆಲಸವೇ ಇಲ್ಲ. ಕೂರಿಗೆ ಬೀಜಕ್ಕೆ ಅದೇ ಮೊದಲ ಪರೀಕ್ಷೆ. ಭತ್ತದ ಮೊಳಕೆ ಎರಡು ಅಂಗಗಳ ಬಲದಿಂದ ಮೇಲೆ ಬರುತ್ತದೆ. ಒಂದು, ಬೀಜಕ್ಕೂ ಮೊದಲ ಗೆಣ್ಣಿಗೂ ನಡುವಿನ ಕಾಂಡದ ತುಂಡು, ಮೀಸೋಕಾಟೈಲ್. ಇನ್ನೊಂದು, ಮೊದಲ ಎಲೆಯನ್ನು ಸುತ್ತಿಕೊಂಡು ಮಣ್ಣನ್ನು ಚುಚ್ಚುವ ಒರೆ, ಕೋಲಿಯಾಪ್ಟೈಲ್. ಮೀಸೋಕಾಟೈಲ್ ಕತ್ತಲಲ್ಲಷ್ಟೇ ಉದ್ದವಾಗುತ್ತದೆ, ಬೆಳಕು ಕಂಡೊಡನೆ ನಿಲ್ಲುತ್ತದೆ. ಬೀಜ ಎಷ್ಟು ಆಳದಲ್ಲಿದೆಯೋ ಅಷ್ಟನ್ನು ಈ ಎರಡೂ ಸೇರಿ ತುಂಬಬೇಕು. ಈ ಉದ್ದವಾಗುವಿಕೆಗೆ ಬೇಕಾದ ಹಾರ್ಮೋನುಗಳಲ್ಲಿ ಗಿಬ್ಬರೆಲಿನ್ ಮುಖ್ಯವಾದುದು. ಕಾಂಡವನ್ನು ಗಿಡ್ಡ ಮಾಡಿದ ಕೊರತೆಯೇ ಮೊಳಕೆಯ ಕೈಯನ್ನೂ ಗಿಡ್ಡ ಮಾಡುತ್ತದೆ. ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ಗಿಡ್ಡ ತಳಿಗೂ ಎತ್ತರದ ತಳಿಗೂ ಅಷ್ಟೇನೂ ವ್ಯತ್ಯಾಸ ಕಾಣದು. ಐದು ಸೆಂಟಿಮೀಟರ್ ದಾಟಿದಂತೆ ವ್ಯತ್ಯಾಸ ದೊಡ್ಡದಾಗುತ್ತದೆ. ಒಣನೆಲದಲ್ಲಿ ಕೂರಿಗೆಯ ತಾಳು ಎಲ್ಲ ಕಡೆ ಒಂದೇ ಆಳಕ್ಕೆ ಇಳಿಯುವುದಿಲ್ಲ, ಹೆಂಟೆ ಸಿಕ್ಕಲ್ಲಿ ಏಳುತ್ತದೆ, ಸಡಿಲ ಮಣ್ಣಿನಲ್ಲಿ ಮುಳುಗುತ್ತದೆ. ಮೇಲಾಗಿ ಬಿತ್ತಿದ ಮೇಲೆ ಒಂದು ಬಿರುಮಳೆ ಬಂದು ಬಿಸಿಲು ಬಿದ್ದರೆ ಮಣ್ಣಿನ ಮೇಲೆ ಹೆಪ್ಪು ಕಟ್ಟುತ್ತದೆ. ಹಸಿ ಇರುವ ಪದರ ಕೆಳಗಿರುವುದರಿಂದ ಮೇಲೆಮೇಲೆ ಬಿತ್ತಿದರೂ ಅಪಾಯ: ಮೊಳೆತ ಬೀಜ ಮುಂದಿನ ಮಳೆ ತಡವಾದರೆ ಒಣಗಿಹೋಗುತ್ತದೆ.

ಹೀಗೆ ಸೋತ ಮೊಳಕೆಯನ್ನು ಗುರುತಿಸುವುದು ಕಷ್ಟವಲ್ಲ. ಸಾಲಿನಲ್ಲಿ ತೆರಪು ಬಿದ್ದ ಕಡೆ ಮೆಲ್ಲಗೆ ಮಣ್ಣು ಬಿಡಿಸಿ ನೋಡಬೇಕು. ಬೀಜವೇ ಇಲ್ಲದಿದ್ದರೆ ಇರುವೆ, ಹಕ್ಕಿಯ ಕೆಲಸ ಇರಬಹುದು, ಇಲ್ಲವೇ ಬಿತ್ತುವಾಗಲೇ ಬಿದ್ದಿಲ್ಲ. ಬೀಜ ಇದ್ದು ಮೊಳೆತೇ ಇಲ್ಲದಿದ್ದರೆ ಬೀಜ ಕೆಟ್ಟಿದೆ ಅಥವಾ ಹಸಿ ಸಾಲದು. ಆದರೆ ಬೇರು ಚೆನ್ನಾಗಿ ಇಳಿದು, ಬಿಳಿಯ ಒರೆ ಮೇಲ್ಮೈಗೆ ಬೆರಳಿನಗಲ ಕೆಳಗೇ ನಿಂತು, ಅದರ ತುದಿ ಸೀಳಿ, ಹಳದಿ ಎಲೆ ಮಣ್ಣಿನೊಳಗೇ ಬಿಚ್ಚಿಕೊಂಡು ಮಡಿಕೆ ಮಡಿಕೆಯಾಗಿ ಮುದುಡಿದ್ದರೆ, ಆ ಸಸಿ ಬೀಜದ ದೋಷದಿಂದ ಸತ್ತದ್ದಲ್ಲ. ಒರೆಯ ಉದ್ದ ಮುಗಿದುಹೋಯಿತು, ಮಣ್ಣು ಮುಗಿದಿರಲಿಲ್ಲ. ಎಲೆಗೆ ಮಣ್ಣು ಚುಚ್ಚುವ ಶಕ್ತಿಯಿಲ್ಲ, ಅದು ಒರೆಯಿಂದ ಹೊರಬಂದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ.

ಇದು ಹಾರ್ಮೋನಿನದೇ ಸಮಸ್ಯೆ ಎಂಬುದಕ್ಕೆ ಒಳ್ಳೆಯ ಪುರಾವೆ ದೂರದ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬರುತ್ತದೆ. ಅಲ್ಲಿಯೂ ಭತ್ತವನ್ನು ಒಣನೆಲದಲ್ಲಿ ಯಂತ್ರದ ಕೂರಿಗೆಯಿಂದ ಬಿತ್ತುತ್ತಾರೆ. ಗಿಡ್ಡ ತಳಿಗಳು ಅಲ್ಲಿಗೆ ಬಂದಾಗ ಬೀಜ ಸರಿಯಾಗಿ ಮೇಲೆ ಬರುತ್ತಿಲ್ಲ ಎಂಬ ದೂರು ಹುಟ್ಟಿತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಬೀಜಕ್ಕೆ ಗಿಬ್ಬರೆಲಿನ್ ಲೇಪಿಸಿ ಬಿತ್ತುವುದು. ಗಿಡ ತಾನೇ ಮಾಡಿಕೊಳ್ಳಲಾಗದ್ದನ್ನು ಹೊರಗಿನಿಂದ ಕೊಟ್ಟಾಗ ಮೀಸೋಕಾಟೈಲ್ ಉದ್ದವಾಯಿತು, ಸಾಲು ತುಂಬಿತು. ಲೇಪನದ ಪ್ರಭಾವ ಕೆಲವೇ ದಿನದ್ದಾದ್ದರಿಂದ ಬೆಳೆದ ಗಿಡ ಗಿಡ್ಡವಾಗಿಯೇ ಉಳಿಯಿತು. ಇದೇ ಸಂಗತಿಯ ಇನ್ನೊಂದು ರೂಪ ನಮ್ಮ ರಾಜ್ಯದಲ್ಲೇ ಇದೆ. ಮಂಡ್ಯದ ವಿ.ಸಿ. ಫಾರ್ಮಿನಿಂದ ಬಂದ ಕೆಆರ್‌ಎಚ್-2ರಂಥ ಹೈಬ್ರಿಡ್ ಭತ್ತದ ಬೀಜೋತ್ಪಾದನೆಯಲ್ಲಿ ಹೆಣ್ಣು ಸಾಲಿನ ತೆನೆ ಹೊಡೆಯಿಂದ ಪೂರ್ತಿ ಹೊರಬರುವುದಿಲ್ಲ, ಬುಡದ ಹೂಗಳು ಎಲೆಯ ಕವಚದೊಳಗೇ ಉಳಿದು ಪರಾಗ ಸಿಗದೆ ಹೋಗುತ್ತವೆ. ಆಗ ಗಿಬ್ಬರೆಲಿಕ್ ಆಮ್ಲವನ್ನು ಮೊದಲು ಆಲ್ಕೋಹಾಲಿನಲ್ಲಿ ಕರಗಿಸಿ, ನೀರಿಗೆ ಬೆರೆಸಿ, ತೆನೆ ಇಣುಕುವ ಹೊತ್ತಿಗೆ ಸಿಂಪಡಿಸುತ್ತಾರೆ. ಕಾಂಡದ ಕೊನೆಯ ಗೆಣ್ಣಿನ ಮೇಲಿನ ತುಂಡು ಉದ್ದವಾಗಿ ತೆನೆ ಹೊರಗೆ ಬರುತ್ತದೆ. ಗಿಡ್ಡ ಭತ್ತ ಗಿಬ್ಬರೆಲಿನ್ ಕೊಟ್ಟರೆ ಓಗೊಡುತ್ತದೆ, ಕೊರತೆ ಇರುವುದು ತಯಾರಿಕೆಯಲ್ಲಿ ಮಾತ್ರ ಎಂಬುದನ್ನು ಇದು ಹೊಲದಲ್ಲೇ ತೋರಿಸುತ್ತದೆ. ಗಿಡ್ಡ ಗೋಧಿಗೆ ಇದೇ ಸಿಂಪಡಣೆ ಮಾಡಿದರೆ ಹೀಗೆ ಉದ್ದವಾಗದು, ಏಕೆಂದರೆ ಅದರ ಡೆಲ್ಲಾ ಗಿಬ್ಬರೆಲಿನ್ನಿಗೆ ಜಗ್ಗುವುದೇ ಇಲ್ಲ.

ಮೊಳೆತು ಬಂದ ಮೇಲೂ ಕೂರಿಗೆ ಭತ್ತಕ್ಕೆ ಎತ್ತರ ಬೇಕು. ನಾಟಿ ಗದ್ದೆಯಲ್ಲಿ ಮೂರು ನಾಲ್ಕು ವಾರದ ಸಸಿ ನೀರಿನ ನಡುವೆ ನಿಲ್ಲುತ್ತದೆ, ಕಳೆಗಿಂತ ಅದು ವಯಸ್ಸಿನಲ್ಲೂ ದೊಡ್ಡದು, ನೀರು ಅರ್ಧ ಕಳೆಯನ್ನು ಮುಳುಗಿಸಿಬಿಡುತ್ತದೆ. ಕೂರಿಗೆ ಹೊಲದಲ್ಲಿ ಭತ್ತವೂ ಕಳೆಯೂ ಒಂದೇ ಮಳೆಗೆ ಹುಟ್ಟುತ್ತವೆ. ಯಾವುದು ಬೇಗ ಮೇಲೇರಿ ನೆರಳು ಚೆಲ್ಲುತ್ತದೆಯೋ ಅದು ಗೆಲ್ಲುತ್ತದೆ. ಮೊದಲ ವಾರಗಳಲ್ಲಿ ಸರಸರ ಏರಿ ಎಲೆ ಬಾಗಿಸುವ ಹಳೆಯ ತಳಿಗಳ ಗುಣವನ್ನು ನಾಟಿ ಭತ್ತದ ತಳಿಗಾರರು ದೋಷವೆಂದು ಬಗೆದರು. ಒಂದಕ್ಕೊಂದು ನೆರಳು ಮಾಡದ ನೆಟ್ಟನೆಯ ಎಲೆ ಅವರಿಗೆ ಬೇಕಿತ್ತು. ಅವರ ಗದ್ದೆಗೆ ಅದು ಸರಿ. ಎಡೆಕುಂಟೆ ಮುಟ್ಟದ ಸಾಲಿನೊಳಗೆ ಕಳೆಯನ್ನು ಅಡಗಿಸಬೇಕಾದ ಹೊಲಕ್ಕೆ ಹಳೆಯ ಬಾಗಿದ ಎಲೆಯೇ ಕೂಲಿ ಉಳಿಸುತ್ತಿತ್ತು.

ಸಾರಜನಕದ ವಿಷಯದಲ್ಲಿ ಈಚಿನ ಸಂಶೋಧನೆಯೊಂದು ನನ್ನ ವಾದಕ್ಕೆ ಇನ್ನೂ ಆಳದ ಆಧಾರ ಕೊಡುತ್ತದೆ. ಗಿಡ್ಡ ತಳಿಗೆ ಗೊಬ್ಬರ ಹೆಚ್ಚು ಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಹೆಚ್ಚು ಕಾಳು ಬೆಳೆಯುತ್ತದೆ, ಆದ್ದರಿಂದ ಹೆಚ್ಚು ತಿನ್ನುತ್ತದೆ ಎಂಬುದು ಅದಕ್ಕೆ ಕೊಡುತ್ತಿದ್ದ ಸರಳ ವಿವರಣೆ. ಚೀನಾದ ಶಿಯಾಂಗ್‌ಡಾಂಗ್ ಫೂ ಅವರ ತಂಡ 2018ರಲ್ಲಿ ತೋರಿಸಿದ್ದು ಬೇರೆ. ಭತ್ತದಲ್ಲಿ ಜಿಆರ್‌ಎಫ್-4 ಎಂಬ ಒಂದು ಪ್ರೋಟೀನು ಬೇರಿನಿಂದ ಸಾರಜನಕ ಹೀರುವ ಮತ್ತು ಅದನ್ನು ಬಳಸುವ ಜೀನುಗಳನ್ನು ಎಬ್ಬಿಸುತ್ತದೆ. ಡೆಲ್ಲಾ ಅದನ್ನು ತಡೆಯುತ್ತದೆ. ಗಿಡ್ಡ ತಳಿಗಳಲ್ಲಿ ಗಿಬ್ಬರೆಲಿನ್ ಕಡಿಮೆ, ಆದ್ದರಿಂದ ಡೆಲ್ಲಾ ಹೆಚ್ಚು. ಕಾಂಡದ ಬೆಳವಣಿಗೆಯನ್ನು ತಡೆದ ಅದೇ ಡೆಲ್ಲಾ ಸಾರಜನಕದ ಹೀರುವಿಕೆಯನ್ನೂ ತಡೆಯುತ್ತದೆ. ಎಂದರೆ ಗಿಡ್ಡ ಭತ್ತ ಮಣ್ಣಿನಲ್ಲಿ ಇದ್ದುದನ್ನು ಎಳೆದುಕೊಳ್ಳುವುದರಲ್ಲಿ ಸೋಮಾರಿ. ಅದರ ಎದುರು ಯೂರಿಯಾ ರಾಶಿ ಹಾಕಿದಾಗ ಆ ಸೋಮಾರಿತನ ಕಾಣಿಸುವುದಿಲ್ಲ. ಕೂರಿಗೆ ಹೊಲ ಒಮ್ಮೆ ಒಣಗಿ ಒಮ್ಮೆ ನೀರು ನಿಂತು, ಮತ್ತೆ ಒಣಗುವ ಹೊಲ. ಒಣ ಹಂತದಲ್ಲಿ ಮಣ್ಣಿನ ಸಾರಜನಕ ನೈಟ್ರೇಟ್ ಆಗುತ್ತದೆ. ನೀರು ನಿಂತೊಡನೆ ಆ ನೈಟ್ರೇಟಿನ ಒಂದು ಪಾಲು ಕೆಳಕ್ಕೆ ಬಸಿದುಹೋಗುತ್ತದೆ, ಇನ್ನೊಂದು ಪಾಲು ಗಾಳಿಯಾಗಿ ಹಾರುತ್ತದೆ. ಇಂಥ ಕಡೆ ಸಾರಜನಕ ಇದ್ದಾಗಲೇ ಬೇಗ ಹೀರಿಕೊಳ್ಳುವ ಗಿಡ ಬೇಕು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಗಟ್ಟಿಯಾದದ್ದು. ಐಆರ್-8 ಬಂದ ಹೊಸದರಲ್ಲಿ ಫಿಲಿಪ್ಪೀನ್ಸ್‌ನ ಸಂಸ್ಥೆಯಲ್ಲಿ ಎಸ್.ಕೆ. ಡೇ ದತ್ತಾ ನಡೆಸಿದ ಪ್ರಯೋಗದಲ್ಲಿ, ಗೊಬ್ಬರವನ್ನೇ ಹಾಕದ ತಾಕಿನಲ್ಲೂ ಅದು ಹೆಕ್ಟೇರಿಗೆ ಸುಮಾರು 5 ಟನ್ ಕೊಟ್ಟಿತ್ತು, 120 ಕಿಲೋ ಸಾರಜನಕಕ್ಕೆ 10 ಟನ್ ಹತ್ತಿರ ಹೋಗಿತ್ತು. ಗೊಬ್ಬರವಿಲ್ಲದೆಯೂ 5 ಟನ್ ಬಂದಿದೆ ಎಂದ ಮೇಲೆ ಗಿಡ್ಡತನ ಗೊಬ್ಬರದ ಗುಲಾಮ ಎನ್ನುವುದು ಹೇಗೆ? ಗೊಬ್ಬರ ಹಾಕದ ತಾಕು ಎಂದರೆ ಸಾರಜನಕವಿಲ್ಲದ ತಾಕು ಎಂದಲ್ಲ ಎಂಬುದು ನನ್ನ ಉತ್ತರ. ಸದಾ ನೀರು ನಿಂತ ಫಲವತ್ತಾದ ಜೇಡಿ ಗದ್ದೆಯಲ್ಲಿ ಮಣ್ಣು, ನೀರು, ಪಾಚಿ, ಸೂಕ್ಷ್ಮಜೀವಿಗಳಿಂದ ಬೆಳೆಗೆ ಸಾರಜನಕ ಬರುತ್ತಲೇ ಇರುತ್ತದೆ. ಜೊತೆಗೆ ಕಾಳು-ಹುಲ್ಲಿನ ಹಂಚಿಕೆಯ ಲಾಭ ಗೊಬ್ಬರವಿಲ್ಲದೆಯೂ ಸಿಗುವಂಥದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಲಾಭ ಎಣಿಕೆಗೆ ಬರುವುದು ಸಾಲು ತುಂಬಿ ಹುಟ್ಟಿ, ಕಳೆಯನ್ನು ದಾಟಿ ನಿಂತ ಬೆಳೆಗೆ. ತೆರಪು ಬಿದ್ದ ಸಾಲಿನಲ್ಲಿ ಹಂಚಿಕೊಳ್ಳಲು ತೂಕವೇ ಇರುವುದಿಲ್ಲ.

ಎರಡನೆಯ ಆಕ್ಷೇಪ ಇಂದಿನದು. ರಾಯಚೂರು, ಸಿರುಗುಪ್ಪದ ಕಡೆ ತುಂಗಭದ್ರಾ ಅಚ್ಚುಕಟ್ಟಿನ ರೈತರು ಸೋನಾ ಮಸೂರಿಯಂಥ ಗಿಡ್ಡ ಭತ್ತವನ್ನೇ ಈಗ ಕೂರಿಗೆಯಿಂದ ಬಿತ್ತುತ್ತಿದ್ದಾರಲ್ಲ, ಹಾನಗಲ್ಲಿಗೆ ಏನು ಅಡ್ಡಿ ಎಂದು ಕೇಳಬಹುದು. ಬಿತ್ತುವುದು ಕೂರಿಗೆಯಿಂದಲೇ, ನಿಜ. ಆದರೆ ಅಲ್ಲಿ ಟ್ರ್ಯಾಕ್ಟರಿನ ಕೂರಿಗೆ ಮಟ್ಟ ಮಾಡಿದ ನೆಲದಲ್ಲಿ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಬೀಜ ಇಡುತ್ತದೆ, ಹಸಿ ಸಾಲದಿದ್ದರೆ ಕಾಲುವೆಯ ನೀರು ಹಾಯಿಸುತ್ತಾರೆ, ಕಳೆಗೆ ಕಳೆನಾಶಕ ಸಿಂಪಡಿಸುತ್ತಾರೆ. ಗಿಡ ಕಳೆದುಕೊಂಡ ಮೂರು ಶಕ್ತಿಗಳನ್ನು ಯಂತ್ರ, ಕಾಲುವೆ, ರಾಸಾಯನಿಕ ತುಂಬಿಕೊಡುತ್ತವೆ. ಧರ್ಮಾ ಜಲಾಶಯದ ಕಾಲುವೆ ಮುಟ್ಟುವ ಹಾನಗಲ್ಲಿನ ಊರುಗಳಲ್ಲೂ ಇದು ಸಾಧ್ಯ. ಮಳೆಯನ್ನೇ ನಂಬಿದ ಗದ್ದೆಯಲ್ಲಿ ಮೊದಲ ಎರಡು ಆಸರೆಗಳು ಇಲ್ಲ. ಹೀಗಾಗಿ ಈ ಉದಾಹರಣೆ ನನ್ನ ವಾದವನ್ನು ಬೀಳಿಸುವುದಿಲ್ಲ, ಗಿಡ್ಡತನಕ್ಕೆ ಯಾವ ಯಾವ ಊರುಗೋಲು ಬೇಕೆಂಬುದನ್ನು ಒಂದೊಂದಾಗಿ ತೋರಿಸಿಕೊಡುತ್ತದೆ.

ಮೂರನೆಯದು ಗೋವಿನಜೋಳದ ಮಾತು. ಹಿರೇಕೆರೂರು, ಶಿಗ್ಗಾವಿ, ಹಾನಗಲ್ಲಿನಲ್ಲಿ ಭತ್ತದ ಎಷ್ಟೋ ಹೊಲ ಗೋವಿನಜೋಳಕ್ಕೆ ತಿರುಗಿದೆ, ಇನ್ನು ಕೂರಿಗೆ ಭತ್ತದ ಚಿಂತೆ ಯಾಕೆ ಎನ್ನುವವರಿದ್ದಾರೆ. ಗೋವಿನಜೋಳ ನನ್ನ ವಾದದ ಸಾಕ್ಷಿಯೇ ಹೌದು. 1999ರಲ್ಲಿ ಗೋಧಿಯ ಗಿಡ್ಡ ಜೀನನ್ನು ಗುರುತಿಸಿದಾಗ ಅದೇ ಬಗೆಯ ಡೆಲ್ಲಾ ಜೀನು ಗೋವಿನಜೋಳದಲ್ಲೂ ಇರುವುದು ಗೊತ್ತಾಯಿತು, ಅದು ಗಿಬ್ಬರೆಲಿನ್ನಿಗೆ ಜಗ್ಗದ ರೂಪಕ್ಕೆ ತಿರುಗಿದರೆ ಗೋವಿನಜೋಳವೂ ಗಿಡ್ಡವಾಗುತ್ತದೆ. ಆದರೂ ಹೊಲದಲ್ಲಿ ಆಳನ್ನು ಮೀರಿ ನಿಲ್ಲುವ ಹೈಬ್ರಿಡ್‌ಗಳೇ ಗೆದ್ದಿವೆ, ದಪ್ಪ ಕಾಂಡದ ಆ ಬೆಳೆಗೆ ಗಿಡ್ಡತನದ ಅಗತ್ಯ ಬೀಳಲಿಲ್ಲ. ಜೋಳದ ಕಥೆ ಇನ್ನೂ ಬೇರೆ. 1964ರಲ್ಲಿ ಬಂದ ಸಿಎಸ್‌ಎಚ್-1 ಹೈಬ್ರಿಡ್ ಜೋಳವೂ ಗಿಡ್ಡವೇ. ಆದರೆ ಜೋಳದ ತಳಿಗಾರರು ಬಳಸಿದ ಗಿಡ್ಡ ಜೀನುಗಳಲ್ಲಿ ಹೆಚ್ಚು ತಿಳಿದಿರುವ ಒಂದು ಆಕ್ಸಿನ್ ಎಂಬ ಬೇರೆ ಹಾರ್ಮೋನಿನ ಸಾಗಾಟಕ್ಕೆ ಸಂಬಂಧಿಸಿದ್ದು. ಗಿಬ್ಬರೆಲಿನ್ ಕೊರತೆಯಾದ ಜೋಳದ ಕಾಂಡ ನೆಟ್ಟಗೆ ನಿಲ್ಲದೆ ಸೊಟ್ಟಗಾಗುವುದರಿಂದ ಅಂಥವು ಆಯ್ಕೆಯಲ್ಲೇ ಬಿದ್ದುಹೋದವು. ಹಸಿರು ಕ್ರಾಂತಿಯ ಗಿಡ್ಡ ಬೆಳೆಗಳೆಲ್ಲ ಒಂದೇ ಹಾರ್ಮೋನಿನ ಆಟ ಎನ್ನುವ ಮಾತನ್ನು ಸವಣೂರಿನ ಜೋಳದ ಹೊಲಕ್ಕೆ ಹಚ್ಚಬಾರದು. ಇನ್ನು ಭತ್ತದ ಚಿಂತೆ ಯಾಕೆ ಎಂಬುದಕ್ಕೆ ಉತ್ತರ ತಗ್ಗಿನ ಹೊಲಗಳಲ್ಲಿದೆ. ಆಗಸ್ಟ್‌ನಲ್ಲಿ ವಾರಗಟ್ಟಲೆ ನೀರು ನಿಲ್ಲುವ ಹೊಲದಲ್ಲಿ ಗೋವಿನಜೋಳದ ಬೇರು ಉಸಿರು ಕಟ್ಟಿ ಬೆಳೆ ಹಳದಿಯಾಗುತ್ತದೆ. ಅಲ್ಲಿ ಮುಂಗಾರಿನಲ್ಲಿ ಭರವಸೆಯಿಂದ ಬೆಳೆಯುವ ಧಾನ್ಯ ಭತ್ತವೊಂದೇ.

ಹಾಗಾದರೆ ಎತ್ತರದ ಹಳೆಯ ತಳಿಗೇ ಮರಳಬೇಕೆಂದು ನಾನು ಹೇಳುತ್ತಿಲ್ಲ. ಅವು ಮಲಗುತ್ತವೆ, ಅದು ಸುಳ್ಳಲ್ಲ. ಬೇಕಿರುವುದು ಮೊಳಕೆಯಲ್ಲಿ ಉದ್ದ, ಕೊಯ್ಲಿನ ಹೊತ್ತಿಗೆ ಮಧ್ಯಮ ಎತ್ತರ. ಈ ಎರಡನ್ನೂ ಬೇರ್ಪಡಿಸಲು ಸಾಧ್ಯ ಎಂಬುದನ್ನು ಗೋಧಿ ತೋರಿಸಿದೆ. ನೋರಿನ್-10 ತಳಿಯಿಂದ ಬಂದ ಗಿಡ್ಡ ಜೀನುಗಳು ಗೋಧಿಯ ಮೊಳಕೆಯ ಒರೆಯನ್ನೂ ಗಿಡ್ಡ ಮಾಡುತ್ತವೆ. ಆದ್ದರಿಂದ ಎರೆನೆಲದಲ್ಲಿ ಹಸಿಯನ್ನು ಹುಡುಕಿ ಆಳಕ್ಕೆ ಬಿತ್ತುವ ಹಿಂಗಾರಿ ಗೋಧಿಗೆ ಅವು ಹೊಂದಲಿಲ್ಲ. ಆರ್‌ಎಚ್‌ಟಿ-14, ಆರ್‌ಎಚ್‌ಟಿ-18 ಎಂಬ ಬೇರೆ ಜೀನುಗಳು ಡೆಲ್ಲಾವನ್ನು ಮುಟ್ಟುವುದಿಲ್ಲ. ಅವು ಕಾಂಡವನ್ನು ಕುಗ್ಗಿಸುತ್ತವೆ, ಒರೆಯನ್ನು ಹೆಚ್ಚೂಕಡಿಮೆ ಹಾಗೆಯೇ ಬಿಡುತ್ತವೆ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ಇವನ್ನು ಡ್ಯೂರಮ್ ಗೋಧಿಯಲ್ಲಿ ಗುರುತಿಸಿ ಬಳಸುವ ಕೆಲಸ ಮಾಡಿದೆ. ಸಾರಜನಕದ ಕಡೆಯೂ ದಾರಿ ಇದೆ. ಫೂ ಅವರ ತಂಡ ಚುರುಕಾದ ಜಿಆರ್‌ಎಫ್-4 ರೂಪವನ್ನು ಗಿಡ್ಡ ಭತ್ತಕ್ಕೆ ಸೇರಿಸಿದಾಗ ಗಿಡ ಗಿಡ್ಡವಾಗಿಯೇ ಉಳಿದು ಸಾರಜನಕವನ್ನು ಹೆಚ್ಚು ಹೀರಿತು. ಭತ್ತದಲ್ಲಿ ಉದ್ದ ಮೀಸೋಕಾಟೈಲ್ ಇರುವ ಊರತಳಿಗಳು ಖುಷ್ಕಿ ಭತ್ತದ ಸೀಮೆಗಳಲ್ಲೇ ಹೆಚ್ಚು. ಹಾನಗಲ್ ಸುತ್ತಿನ ದೊಡಿಗ್ಯಾ ಮುಂತಾದ ಊರತಳಿಗಳನ್ನು ಕೇವಲ ಇಳುವರಿಯ ಕಣ್ಣಿನಿಂದ ಅಳೆದು ಬದಿಗಿಡುವ ಮುನ್ನ ಅವುಗಳ ಮೊಳಕೆಯನ್ನು ಅಳೆಯಬೇಕು.

ಅಳೆಯುವುದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ಆಳವಾದ ತಟ್ಟೆಯಲ್ಲಿ ಹೊಲದ್ದೇ ಮಣ್ಣು ತುಂಬಿ, ಒಂದೊಂದು ತಳಿಯ 50 ಬೀಜಗಳನ್ನು 3 ಸೆಂಟಿಮೀಟರ್, ಅಷ್ಟನ್ನೇ 5 ಮತ್ತು 8 ಸೆಂಟಿಮೀಟರ್ ಆಳದಲ್ಲಿ ಇಟ್ಟು, ಒಂದೇ ಪ್ರಮಾಣದ ನೀರು ಕೊಟ್ಟು, ಎರಡು ವಾರದ ಮೇಲೆ ಎಷ್ಟು ಮೇಲೆ ಬಂದವು ಎಂದು ಎಣಿಸಿದರೆ ಆಯಿತು. 3 ಸೆಂಟಿಮೀಟರಿನಲ್ಲೇ ಕಡಿಮೆ ಬಂದರೆ ಬೀಜದ ದೋಷ. ಅಲ್ಲಿ ಚೆನ್ನಾಗಿ ಬಂದು 5ರಲ್ಲಿ ಕುಸಿದರೆ ಅದು ತಳಿಯ ಮಿತಿ. ಈಗ ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣ ಅಚ್ಚಾಗಿರುತ್ತದೆ, ಅದು ಪ್ರಯೋಗಾಲಯದಲ್ಲಿ ಎಲ್ಲ ಅನುಕೂಲ ಒದಗಿಸಿದಾಗ ಬರುವ ಸಂಖ್ಯೆ. ಕೂರಿಗೆ ಬಿತ್ತನೆಗೆಂದು ಮಾರುವ ಭತ್ತದ ಚೀಲದ ಮೇಲೆ ಅದರ ಪಕ್ಕದಲ್ಲೇ 5 ಸೆಂಟಿಮೀಟರ್ ಆಳದಿಂದ ನೂರಕ್ಕೆ ಎಷ್ಟು ಮೇಲೆ ಬರುತ್ತವೆ ಎಂಬ ಇನ್ನೊಂದು ಸಂಖ್ಯೆಯೂ ಇರಬೇಕು.